AE ತೆಗೆದು JP ಬರೆಯಿರಿ: ಕೊರಿಯರ್ ಕಂಪನಿಗೆ ಒಂದು ಪತ್ರ

ವ್ಯವಹಾರ ಪತ್ರಗಳೆಂದರೆ ವಿಚಾರಣೆ ಪತ್ರ, ಆದೇಶ ಪತ್ರ, ದೂರು ಪತ್ರ ಎಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ತಿದ್ದುಪಡಿ ಕೋರುವ ಪತ್ರ ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಅಂಗಡಿ ಇಟ್ಟವರಿಗೆ ಮಾತ್ರ ಅದು ಆಗಾಗ ಬೇಕಾಗುತ್ತದೆ. ನಮ್ಮ ಕಾಲೇಜಿನಲ್ಲೇ ಓದಿ, ಈಗ ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿ ನಡೆಸುತ್ತಿರುವ ಒಬ್ಬರು ಇತ್ತೀಚೆಗೆ ಇಂಥ ಪತ್ರವೊಂದರ ಕರಡು ಹಿಡಿದು ನನ್ನಲ್ಲಿಗೆ ಬಂದಿದ್ದರು. ಪಾಠಕ್ಕೆ ಬರುವ ಮುಂಚೆ ನಾನು ಕೆಲವು ವರ್ಷ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಇದ್ದೆನೆಂದು ಅವರಿಗೆ ಗೊತ್ತು. ಅವರ ಒಪ್ಪಿಗೆ ಪಡೆದು ಆ ಪತ್ರವನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಅವರು ದುಬೈಯ ಒಬ್ಬ ವ್ಯಾಪಾರಿಯಿಂದ ನಲವತ್ತು ರೋಟರಿ ಹುಕ್ ತರಿಸಿದರು. ಹೊಲಿಗೆ ಯಂತ್ರದಲ್ಲಿ ಬಾಬಿನ್ ಸುತ್ತ ತಿರುಗಿ ಕೆಳದಾರವನ್ನು ಮೇಲ್ದಾರಕ್ಕೆ ಸಿಕ್ಕಿಸುವ ಭಾಗ ಅದು. ಒಂದಕ್ಕೆ 55 ದಿರ್ಹಮ್, ಒಟ್ಟು 2,200 ದಿರ್ಹಮ್. ಹುಕ್‌ಗಳು ತಯಾರಾದದ್ದು ಜಪಾನಿನಲ್ಲಿ. ದುಬೈಯವರು ಅವನ್ನು ತರಿಸಿ, ದಾಸ್ತಾನು ಇಟ್ಟು ಮಾರುವವರು ಮಾತ್ರ. ಜುಲೈ 3ರ ಇನ್‌ವಾಯ್ಸ್‌ನಲ್ಲಿ ಸರಕಿನ ಹೆಸರಿನ ಪಕ್ಕದಲ್ಲೇ ಮೂಲ ದೇಶ ಜಪಾನ್ ಎಂದು ಬರೆದಿತ್ತು. ಜುಲೈ 8ರಂದು ಕೊರಿಯರ್ ಕಂಪನಿ ಬೆಂಗಳೂರಿನಲ್ಲಿ ಕಸ್ಟಮ್ಸ್‌ಗೆ ಬಿಲ್ ಆಫ್ ಎಂಟ್ರಿ ಸಲ್ಲಿಸುವಾಗ ಮೂಲ ದೇಶದ ಅಂಕಣದಲ್ಲಿ AE ಎಂದು ತುಂಬಿತು. AE ಎಂದರೆ ಸಂಯುಕ್ತ ಅರಬ್ ಸಂಸ್ಥಾನ. ಆಗಬೇಕಿದ್ದದ್ದು JP. ಮರುದಿನ ಸುಂಕ ಕಟ್ಟಿ ಪೆಟ್ಟಿಗೆ ಬಿಡುಗಡೆಯಾಯಿತು, ಅಂಗಡಿಗೂ ಬಂತು. ಜಿಎಸ್‌ಟಿ ಲೆಕ್ಕಕ್ಕೆಂದು ಕಾಗದಗಳನ್ನು ಜೋಡಿಸುವಾಗ ಅವರ ಕಣ್ಣಿಗೆ AE ಬಿತ್ತು.

ಕೊರಿಯರ್ ಕಂಪನಿಯವರು ಹೀಗೇಕೆ ಬರೆಯುತ್ತಾರೆ ಎಂಬುದು ಊಹೆಗೆ ನಿಲುಕದ್ದೇನಲ್ಲ. ದಿನಕ್ಕೆ ನೂರಾರು ಪೆಟ್ಟಿಗೆಗಳ ವಿವರ ತುಂಬುವವರು ಏರ್‌ವೇ ಬಿಲ್‌ನಲ್ಲಿರುವ ಕಳುಹಿಸಿದವರ ವಿಳಾಸ ನೋಡಿ ದೇಶವನ್ನು ಬರೆದುಬಿಡುತ್ತಾರೆ. ಆದರೆ ಸರಕು ಎಲ್ಲಿಂದ ಹೊರಟಿತು ಎಂಬುದು ಒಂದು ಪ್ರಶ್ನೆ, ಎಲ್ಲಿ ತಯಾರಾಯಿತು ಎಂಬುದು ಇನ್ನೊಂದು. ನಮ್ಮೂರಿನ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಕಾಶ್ಮೀರದ ಸೇಬು ನಮ್ಮೂರಿನದಾಗುವುದಿಲ್ಲವಲ್ಲ. ಸರಕು ಎಲ್ಲಿ ಬೆಳೆಯಿತೋ, ಅಥವಾ ಅದಕ್ಕೆ ಅದರ ನಿಜವಾದ ರೂಪ ಎಲ್ಲಿ ಬಂತೋ, ಅದೇ ಮೂಲ ದೇಶ. ದುಬೈಯಲ್ಲಿ ಪೆಟ್ಟಿಗೆ ಬದಲಿಸಿ ಹೊಸ ಚೀಟಿ ಅಂಟಿಸಿದರೆ ಮೂಲ ಬದಲಾಗದು.

ಇಷ್ಟಕ್ಕೆಲ್ಲ ಪತ್ರ ಏಕೆ, ಸರಕು ಕೈಗೆ ಬಂದಿದೆ, ಸುಂಕವೂ ಕಟ್ಟಿಯಾಗಿದೆ ಎಂದು ಆ ಅಂಗಡಿಯವರ ತಮ್ಮನೇ ಕೇಳಿದನಂತೆ. ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಫಾರಂ ತುಂಬಿದ್ದು ಕೊರಿಯರ್‌ನವರಾದರೂ ಕಾನೂನಿನ ಕಣ್ಣಿಗೆ ಆ ಘೋಷಣೆ ಆಮದುದಾರನದು. ಅವನ ಪರವಾಗಿ, ಅವನು ಕೊಟ್ಟ ಅಧಿಕಾರದ ಮೇಲೆ ಅವರು ಸಲ್ಲಿಸುತ್ತಾರೆ. ಸರಕು ಮತ್ತು ಘೋಷಣೆ ಒಂದಕ್ಕೊಂದು ತಾಳೆಯಾಗದಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯ 111ನೇ ಕಲಂ ಪ್ರಕಾರ ಸರಕು ಮುಟ್ಟುಗೋಲಿಗೆ ಒಳಪಡಬಹುದು. ಹುಕ್‌ನ ಮೈಮೇಲೆ ಜಪಾನ್ ಎಂದು ಕೆತ್ತಿದೆ, ಕಾಗದದಲ್ಲಿ ಅರಬ್ ಸಂಸ್ಥಾನ ಎಂದಿದೆ. ಎರಡು ವರ್ಷ ಕಳೆದು ಯಾರಾದರೂ ಕಡತ ತೆರೆದರೆ ವಿವರಣೆ ಕೊಡಬೇಕಾದವರು ಅಂಗಡಿಯವರೇ ಹೊರತು ಕೊರಿಯರ್‌ನವರಲ್ಲ. ತಾವಾಗಿ ಮೊದಲೇ ಪತ್ರ ಬರೆದವನ ಮಾತಿಗೂ, ಸಿಕ್ಕಿಬಿದ್ದ ಮೇಲೆ ಹೇಳುವವನ ಮಾತಿಗೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ.

ಇನ್ನೊಂದು ಕಾರಣ ಹಣದ್ದು. ಭಾರತ ಮತ್ತು ಅರಬ್ ಸಂಸ್ಥಾನದ ನಡುವಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅಲ್ಲಿಯೇ ತಯಾರಾದ ಅನೇಕ ಸರಕುಗಳಿಗೆ, ಮೂಲ ಪ್ರಮಾಣಪತ್ರ ತೋರಿಸಿ ಕೇಳಿಕೊಂಡರೆ, ಸುಂಕ ಕಡಿಮೆಯಾಗುತ್ತದೆ. ನಮ್ಮ ಅಂಗಡಿಯವರು ಆ ರಿಯಾಯಿತಿ ಕೇಳಿರಲಿಲ್ಲ, ಪೂರ್ತಿ ಸುಂಕ ಕಟ್ಟಿದ್ದರು. ಹಾಗಾಗಿ AE ಹೋಗಿ JP ಬಂದರೂ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗುವುದಿಲ್ಲ. ರಿಯಾಯಿತಿ ಪಡೆದಿದ್ದರೆ ಇದು ಬರೀ ತಿದ್ದುಪಡಿಯಾಗಿ ಉಳಿಯುತ್ತಿರಲಿಲ್ಲ, ಕಡಿಮೆ ಕಟ್ಟಿದ ಸುಂಕವನ್ನು ಬಡ್ಡಿ ಸಮೇತ ತುಂಬುವ ಪ್ರಕರಣವಾಗುತ್ತಿತ್ತು.

ಅಧಿಕಾರಿಗಳು ಇಂಥ ಪತ್ರವನ್ನು ಏಕೆ ಅನುಮಾನದಿಂದ ನೋಡುತ್ತಾರೆ ಎಂಬುದನ್ನೂ ತಿಳಿದಿರಬೇಕು. ಪಾಕಿಸ್ತಾನದ ಸರಕುಗಳ ಮೇಲೆ 2019ರ ಫೆಬ್ರವರಿಯಲ್ಲಿ 200 ಶೇಕಡಾ ಸುಂಕ ಬಂತು. 2025ರ ಮೇ 2ರಿಂದ ಅವುಗಳ ಆಮದೇ ನಿಷೇಧ, ಬೇರೆ ದೇಶ ಸುತ್ತಿ ಬಂದರೂ ಸರಿಯೇ. ಅದೇ ವರ್ಷ ಜೂನ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯವು ನವಿ ಮುಂಬೈಯ ನ್ಹಾವಾ ಶೇವಾ ಬಂದರಿನಲ್ಲಿ ದುಬೈ ಮೂಲಕ ಬಂದಿದ್ದ ಒಣ ಖರ್ಜೂರದ ಕಂಟೇನರ್‌ಗಳನ್ನು ಹಿಡಿಯಿತು. ಕಾಗದದಲ್ಲಿ ಮೂಲ ಅರಬ್ ಸಂಸ್ಥಾನ, ನಿಜದಲ್ಲಿ ಪಾಕಿಸ್ತಾನ ಎಂಬುದು ಆರೋಪ. ಅಂದರೆ ಮೂಲ ದೇಶದ ಎರಡಕ್ಷರದ ಮೇಲೆ ಸರಕು ಒಳಗೆ ಬರುವುದೋ ಬಿಡುವುದೋ ನಿಂತಿರುತ್ತದೆ. ‘ಟೈಪಿಂಗ್ ತಪ್ಪಾಗಿದೆ, ತಿದ್ದಿ’ ಎಂಬ ಬಾಯಿಮಾತು ಅಲ್ಲಿ ನಡೆಯುವುದಿಲ್ಲ.

ನಡೆಯುವುದು ಯಾವುದು ಎಂಬುದಕ್ಕೆ ಅದೇ ಕಾಯ್ದೆಯ 149ನೇ ಕಲಂ ನೋಡಬೇಕು. ಸಲ್ಲಿಸಿದ ದಾಖಲೆಯನ್ನು ತಿದ್ದಲು ಅಧಿಕಾರಿ ಅನುಮತಿ ಕೊಡಬಹುದು ಎನ್ನುತ್ತದೆ ಅದು. ಆದರೆ ಸರಕು ಬಿಡುಗಡೆಯಾದ ಮೇಲಾದರೆ ಒಂದು ಷರತ್ತು: ತಿದ್ದುಪಡಿಗೆ ಆಧಾರವಾಗುವ ಲಿಖಿತ ಸಾಕ್ಷ್ಯ ಬಿಡುಗಡೆಯ ಹೊತ್ತಿಗೇ ಅಸ್ತಿತ್ವದಲ್ಲಿದ್ದಿರಬೇಕು. ಇಡೀ ಪತ್ರ ನಿಂತಿರುವುದು ಈ ಒಂದು ಷರತ್ತಿನ ಮೇಲೆ. ನಮ್ಮ ಪ್ರಕರಣದಲ್ಲಿ ಬಿಡುಗಡೆ ಜುಲೈ 9ಕ್ಕೆ. ಜುಲೈ 3ರ ಇನ್‌ವಾಯ್ಸ್ ನಡೆಯುತ್ತದೆ, ಅದೇ ದಿನದ ಪ್ಯಾಕಿಂಗ್ ಲಿಸ್ಟ್ ನಡೆಯುತ್ತದೆ. ಜುಲೈ 15ರಂದು ದುಬೈಯಿಂದ ತರಿಸಿಕೊಂಡ ‘ಇವು ಜಪಾನಿನವು’ ಎಂಬ ಚೀಟಿಯ ಮೇಲೆ ತಿದ್ದುಪಡಿ ನಿಲ್ಲುವುದಿಲ್ಲ.

ಆ ದುಬೈ ವ್ಯಾಪಾರಿ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ್ದರಂತೆ: ಬೇಕಾದರೆ ಹಳೇ ತಾರೀಕು ಹಾಕಿ ಮೂಲದ ಬಗ್ಗೆ ಒಂದು ಪತ್ರ ಕೊಡುತ್ತೇನೆ, ಭಾಯ್. ಕೂಡಲೇ ಬೇಡವೆನ್ನಿ ಎಂದೆ. ಇದ್ದದ್ದು ಬರೀ ಅಂಕಣದ ತಪ್ಪು. ಸುಳ್ಳು ತಾರೀಕಿನ ಕಾಗದ ಒಳಗೆ ಹೋದರೆ ಅದು ತಿಳಿದೂ ಸುಳ್ಳು ದಾಖಲೆ ಬಳಸಿದ ಅಪರಾಧ. 114ಎಎ ಕಲಂ ಪ್ರಕಾರ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಬಹುದು.

ಅವರು ತಂದಿದ್ದ ಕರಡು ಎರಡು ಪುಟವಿತ್ತು. ಅರ್ಧಕ್ಕೂ ಹೆಚ್ಚು ಭಾಗ ಕೊರಿಯರ್‌ನವರ ಬೇಜವಾಬ್ದಾರಿ ಕುರಿತ ಸಿಟ್ಟು. ಸಿಟ್ಟು ನ್ಯಾಯವಾದದ್ದೇ, ಆದರೆ ಈ ಪತ್ರವನ್ನು ಕೊರಿಯರ್‌ನವರು ತಮ್ಮ ಅರ್ಜಿಯ ಜೊತೆ ಕಸ್ಟಮ್ಸ್ ಅಧಿಕಾರಿಯ ಮೇಜಿಗೆ ಒಯ್ಯುತ್ತಾರೆ. ಕೊನೆಗೆ ಓದುವವರು ಆ ಅಧಿಕಾರಿ. ಅವರಿಗೆ ಬೇಕಾದದ್ದು ಯಾವ ಅಂಕಣ, ಏನಿದೆ, ಏನಾಗಬೇಕು, ಯಾವ ಆಧಾರದ ಮೇಲೆ, ಸುಂಕಕ್ಕೆ ಏನಾಗುತ್ತದೆ ಎಂಬುದಷ್ಟೇ. ದೂರು ಬೇರೆ ಪತ್ರದಲ್ಲಿ ಹೋಗಲಿ ಎಂದು ಒಪ್ಪಿಸಿದೆ. ಇಂಗ್ಲಿಷಿನಲ್ಲಿ ಹೋದ ಪತ್ರದ ಒಡಲು ಕನ್ನಡದಲ್ಲಿ ಹೀಗಿತ್ತು:

“ಮಾನ್ಯರೇ,

ವಿಷಯ: ಬಿಲ್ ಆಫ್ ಎಂಟ್ರಿಯಲ್ಲಿ ಮೂಲ ದೇಶದ ತಿದ್ದುಪಡಿ.

ಮೇಲೆ ನಮೂದಿಸಿದ ಏರ್‌ವೇ ಬಿಲ್‌ನ ಸರಕಿಗೆ ತಾವು ನಮ್ಮ ಪರವಾಗಿ ಜುಲೈ 8ರಂದು ಬಿಲ್ ಆಫ್ ಎಂಟ್ರಿ ಸಲ್ಲಿಸಿದ್ದೀರಿ. ಅದರಲ್ಲಿ ಮೊದಲನೆಯ ಹಾಗೂ ಏಕೈಕ ಸರಕಾದ ಹೊಲಿಗೆ ಯಂತ್ರದ ರೋಟರಿ ಹುಕ್ (40) ಎದುರು ಮೂಲ ದೇಶ AE ಎಂದಿದೆ. ಸರಿಯಾದ ಮೂಲ ದೇಶ JP.

ಸರಕು ದುಬೈಯಿಂದ ರವಾನೆಯಾದದ್ದು ನಿಜ. ಆ ವಿವರದಲ್ಲಿ ಬದಲಾವಣೆ ಬೇಕಿಲ್ಲ. ಬೆಲೆ, ಪ್ರಮಾಣ, ವರ್ಗೀಕರಣ ಯಾವುದರಲ್ಲೂ ಬದಲಾವಣೆ ಕೋರುತ್ತಿಲ್ಲ.

ಮೂಲ ದೇಶ ಜಪಾನ್ ಎಂಬುದು ಜುಲೈ 3ರ ಇನ್‌ವಾಯ್ಸ್‌ನಲ್ಲೂ ಅದೇ ದಿನಾಂಕದ ಪ್ಯಾಕಿಂಗ್ ಲಿಸ್ಟ್‌ನಲ್ಲೂ ಇದೆ. ಇವೆರಡೂ ಸರಕು ಬಿಡುಗಡೆಯಾಗುವ ಮೊದಲೇ ಇದ್ದ ದಾಖಲೆಗಳು. ಇನ್‌ವಾಯ್ಸ್ ಪ್ರತಿ ರವಾನೆಯ ಸಮಯದಲ್ಲೇ ತಮ್ಮ ಬಳಿ ಇತ್ತು. ಯಾವುದೇ ವ್ಯಾಪಾರ ಒಪ್ಪಂದದ ರಿಯಾಯಿತಿ ಪಡೆದಿಲ್ಲವಾದ್ದರಿಂದ ಸುಂಕದಲ್ಲಿ ವ್ಯತ್ಯಾಸವಾಗುವುದಿಲ್ಲ.

ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ಸಂಬಂಧಿಸಿದ ಅಧಿಕಾರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಿ, ತಿದ್ದಿದ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ನಮಗೆ ಕೊಡಬೇಕೆಂದು ಕೋರುತ್ತೇವೆ.”

ಪತ್ರದ ತಲೆಯಲ್ಲಿ ಏರ್‌ವೇ ಬಿಲ್ ಸಂಖ್ಯೆ, ಬಿಲ್ ಆಫ್ ಎಂಟ್ರಿ ಸಂಖ್ಯೆ ಮತ್ತು ದಿನಾಂಕ, ಆಮದುದಾರರ ಕೋಡ್ ಸಂಖ್ಯೆ ಇದ್ದವು. ಕೆಳಗೆ ಸಹಿ, ಮೊಹರು, ಲಗತ್ತುಗಳ ಪಟ್ಟಿ. ಹುಕ್‌ನ ಕೆತ್ತನೆಯ ಫೋಟೊ ಒಂದನ್ನೂ ಇಟ್ಟೆವು. ಆಮೇಲೆ ತೆಗೆದ ಫೋಟೊ ಮೇಲಿನ ಷರತ್ತನ್ನು ತಾನಾಗಿ ಪೂರೈಸದು, ಆದರೆ ಇನ್‌ವಾಯ್ಸ್‌ಗೆ ಒತ್ತಾಸೆಯಾಗುತ್ತದೆ.

‘ದುಬೈಯಿಂದ ರವಾನೆಯಾದದ್ದು ನಿಜ’ ಎಂಬ ಸಾಲನ್ನು ನಾನು ಹಟ ಹಿಡಿದು ಹಾಕಿಸಿದೆ. ಅದಿಲ್ಲದಿದ್ದರೆ ಉತ್ಸಾಹಿ ಗುಮಾಸ್ತನೊಬ್ಬ ಎಲ್ಲ ಕಡೆಯೂ AE ಅಳಿಸಿ JP ಹಾಕಿ, ಏರ್‌ವೇ ಬಿಲ್‌ಗೆ ತಾಳೆಯಾಗದ ಹೊಸ ತಪ್ಪನ್ನು ಸೃಷ್ಟಿಸಬಹುದು.

ಪತ್ರ ಕಳುಹಿಸಿದ ಮೂರನೆಯ ದಿನ ಕಂಪನಿಯಿಂದ ‘ನಿಮ್ಮ ಕೋರಿಕೆಯಂತೆ ವಿವರ ಪರಿಷ್ಕರಿಸಲಾಗಿದೆ’ ಎಂಬ ಇಮೇಲ್ ಬಂತು. ಅಂಗಡಿಯವರು ಖುಷಿಯಾದರು. ಪ್ರತಿ ಎಲ್ಲಿ ಎಂದು ಕೇಳಿಸಿದೆ. ವಿಚಾರಿಸಿದರೆ, ಅವರು ತಿದ್ದಿದ್ದು ತಮ್ಮದೇ ಕಂಪ್ಯೂಟರಿನ ಗ್ರಾಹಕ ದಾಖಲೆಯನ್ನು. ಕಸ್ಟಮ್ಸ್‌ನಲ್ಲಿದ್ದ ಬಿಲ್ ಆಫ್ ಎಂಟ್ರಿ ಇದ್ದ ಹಾಗೇ ಇತ್ತು. ಗ್ರಾಹಕ ಸೇವೆಯವರಿಗೆ ಈ ಎರಡರ ವ್ಯತ್ಯಾಸ ತಿಳಿದಿರುವುದಿಲ್ಲ, ಹೀಗಾಗಿ ಪತ್ರ ಅದೇ ಕಂಪನಿಯ ಕಸ್ಟಮ್ಸ್ ಕ್ಲಿಯರೆನ್ಸ್ ವಿಭಾಗಕ್ಕೆ ಮತ್ತೊಮ್ಮೆ ಹೋಯಿತು. ಅಲ್ಲಿನವರು ಅರ್ಜಿ ಹಾಕಿದರು, ತಿದ್ದುಪಡಿಗೆ ಇರುವ ಸಣ್ಣ ಶುಲ್ಕ ಕಟ್ಟಿದರು, ಅಧಿಕಾರಿ ಮೂಲ ಇನ್‌ವಾಯ್ಸ್ ತರಿಸಿ ನೋಡಿದರು.

ತಿದ್ದಿದ ಪ್ರತಿ ಬಂದಾಗ ಮೂರು ಕಡೆ ನೋಡಿ ಎಂದು ಅವರಿಗೆ ಹೇಳಿದ್ದೆ. ಮೂಲ ದೇಶದ ಎದುರು JP ಇರಬೇಕು, ರವಾನೆಯ ವಿವರದಲ್ಲಿ ದುಬೈ ಹಾಗೇ ಉಳಿದಿರಬೇಕು, ಸುಂಕದ ಮೊತ್ತ ಮೊದಲು ಕಟ್ಟಿದ್ದಕ್ಕೆ ಸಮವಾಗಿರಬೇಕು. ಮೂರೂ ಸರಿಯಿದ್ದವು. ಹಳೆಯ ಪ್ರತಿ, ಪತ್ರ, ಹೊಸ ಪ್ರತಿ ಈ ಮೂರನ್ನೂ ಒಂದೇ ಪಿನ್ನಿಗೆ ಹಾಕಿ ಆ ವರ್ಷದ ಖರೀದಿ ಕಡತದಲ್ಲಿ ಇಡಿಸಿದೆ.