‘ವಿಷಾದಿಸುತ್ತೇವೆ’ ಅಂದರೆ ದುಡ್ಡು ಬಂತೇ?

ಗ್ರಾಹಕರೊಬ್ಬರು ಮನೆಯ ಬ್ರಾಡ್‌ಬ್ಯಾಂಡ್ ಪ್ಲ್ಯಾನನ್ನು ತಿಂಗಳಿಗೆ 999 ರೂಪಾಯಿಯಿಂದ 699ಕ್ಕೆ ಇಳಿಸಿಕೊಂಡರು ಅಂತಿಟ್ಟುಕೊಳ್ಳಿ. ಬದಲಾವಣೆ ಆಯಿತೆಂದು ಎಸ್ಎಂಎಸ್ ಬಂತು, ಇಂಟರ್ನೆಟ್ ವೇಗವೂ ಇಳಿಯಿತು. ಬಿಲ್ ಮಾತ್ರ ಮೂರು ತಿಂಗಳು ಹಳೆಯ ದರದಲ್ಲೇ ಬಂತು. ಮೂರನೆಯದಕ್ಕೆ ತಕರಾರು ತೆಗೆದು ತಡವಾಗಿ ಕಟ್ಟಿದ್ದಕ್ಕೆ 100 ರೂಪಾಯಿ ದಂಡ ಬೇರೆ. ದೂರು ಕೊಟ್ಟಮೇಲೆ ಬಂದ ಉತ್ತರ ಇದು:

“ತಾಂತ್ರಿಕ ಕಾರಣಗಳಿಂದ ಬಿಲ್ಲಿನಲ್ಲಿ ವ್ಯತ್ಯಾಸ ಉಂಟಾಗಿದ್ದು, ತಮಗೆ ಅನನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಓದಲು ವಿನಯವಾಗಿಯೇ ಇದೆ. ಆದರೆ ವ್ಯತ್ಯಾಸ ತಾನಾಗಿಯೇ ಉಂಟಾಗಿದೆ, ಮಾಡಿದವರು ಯಾರೂ ಇಲ್ಲ. ಹಣ ಹೋದವರಿಗೆ ‘ಅನನುಕೂಲವಾಗಿದ್ದಲ್ಲಿ’ ಎನ್ನುವುದು ಅವರ ದೂರನ್ನೇ ಅನುಮಾನಿಸಿದಂತೆ. ಇನ್ನು ಕ್ರಮ ಏನು, ಯಾವತ್ತು, ಎಷ್ಟು ರೂಪಾಯಿ? ಒಂದೂ ಇಲ್ಲ. ಇಂಥ ಪತ್ರವನ್ನು ಯಾವ ಗ್ರಾಹಕರಿಗೆ ಬೇಕಾದರೂ ಹೆಸರು ಬದಲಿಸಿ ಕಳಿಸಬಹುದು.

ಅದೇ ಕಂಪನಿ ಹೀಗೆ ಬರೆಯಬಹುದಿತ್ತು: “ನಿಮ್ಮ ಪ್ಲ್ಯಾನ್ ಬದಲಿಸಿದೆವು, ಆದರೆ ಬಿಲ್ಲಿಂಗ್ ವಿಭಾಗದಲ್ಲಿ ದರ ತಿದ್ದಲಿಲ್ಲ. ತಪ್ಪು ನಮ್ಮದು, ಕ್ಷಮಿಸಿ. ಹೆಚ್ಚುವರಿಯಾಗಿ ಪಡೆದ 900 ರೂಪಾಯಿ, ತಡ ಪಾವತಿ ದಂಡ 100, ಇವೆರಡರ ಮೇಲಿನ ಶೇ 18 ಜಿಎಸ್‌ಟಿ 180, ಒಟ್ಟು 1,180 ರೂಪಾಯಿಯನ್ನು ಸೋಮವಾರದೊಳಗೆ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಮುಂದಿನ ಬಿಲ್ ಹೊಸ ದರದಲ್ಲಿ ಬರುತ್ತದೆ.”

ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿದ್ದಕ್ಕೂ ಬೆಲೆಯಿದೆ. ವೇಗ ಇಳಿಸುವ ವ್ಯವಸ್ಥೆ ಒಂದು, ಬಿಲ್ ಹಾಕುವುದು ಇನ್ನೊಂದು. ಎರಡರ ನಡುವೆ ಮಾಹಿತಿ ಹೋಗದಿದ್ದರೆ ನಾಲ್ಕನೆಯ ಬಿಲ್ಲೂ ತಪ್ಪೇ ಬರುತ್ತದೆ. ಹಣ ವಾಪಸು ಕೊಟ್ಟು ಮೂಲವನ್ನು ಹಾಗೇ ಬಿಟ್ಟರೆ ಮುಂದಿನ ತಿಂಗಳು ಇನ್ನೊಂದು ಕ್ಷಮೆಪತ್ರ ಬರೆಯಬೇಕಾಗುತ್ತದೆ.

ಗ್ರಾಹಕರು ಹೆಚ್ಚಾಗಿ ಮೋಸಹೋಗುವುದು ತೆರಿಗೆಯ ಲೆಕ್ಕದಲ್ಲಿ. ಕಂಪನಿ 900 ರೂಪಾಯಿ ಕೊಟ್ಟರೆ ಎಲ್ಲ ಬಂತು ಅಂದುಕೊಳ್ಳುತ್ತಾರೆ. ಹೆಚ್ಚು ಬಿಲ್ ಹಾಕಿದಾಗ ಅದನ್ನು ಇಳಿಸಲು ‘ಕ್ರೆಡಿಟ್ ನೋಟ್’ ಎಂಬ ದಾಖಲೆ ಕೊಡಲು ಜಿಎಸ್‌ಟಿ ಕಾನೂನಿನಲ್ಲೇ ಅವಕಾಶವಿದೆ. ಅದರಲ್ಲಿ ಮೂಲ ಬಿಲ್ಲಿನ ಸಂಖ್ಯೆ, ಇಳಿಸಿದ ಮೊತ್ತ, ತೆರಿಗೆ ಮೂರೂ ಕಾಣಬೇಕು. ‘ಮುಂದಿನ ಬಿಲ್ಲಿನಲ್ಲಿ ಹೊಂದಿಸುತ್ತೇವೆ’ ಎಂದರೂ ಈ ಕಾಗದ ಕೇಳಿ ಪಡೆಯಿರಿ. ಸಂಪರ್ಕವನ್ನೇ ಬಿಡುವವರಿಗೆ ಮುಂದಿನ ಬಿಲ್ ಎಲ್ಲಿಂದ ಬರಬೇಕು? ಅವರು ಬ್ಯಾಂಕಿಗೇ ಹಾಕಿಸಿಕೊಳ್ಳುವುದು ಲೇಸು.

ಹೇಳಿದ ದಿನ ದಾಟಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, ದೂರಿಗೆ ಎರಡು ವರ್ಷದ ಗಡುವು. ಆಗ ಎಸ್ಎಂಎಸ್, ಮೂರು ಬಿಲ್ಲುಗಳ ಜೊತೆಗೆ ಆ ಕ್ಷಮೆಪತ್ರವನ್ನೂ ಲಗತ್ತಿಸಿ.