ಮಿಥುನ, ತುಲಾ ಮತ್ತು ಆಸ್ಪಿರಿನ್

1988ರ ಆಗಸ್ಟ್ ತಿಂಗಳಿನಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಐಸಿಸ್–2 ಎಂಬ ಚಿಕಿತ್ಸಾ ಪ್ರಯೋಗದ ವರದಿಯಲ್ಲಿ, ಹೃದಯಾಘಾತಕ್ಕೆ ಒಳಗಾದ ರೋಗಿಗಳನ್ನು ಅವರವರ ಜನ್ಮರಾಶಿಗೆ ಅನುಸಾರವಾಗಿ ವಿಂಗಡಿಸಿ ತೋರಿಸಿದ ಒಂದು ಗಣನೆಯಿದೆ. ಇಲ್ಲಿ ರಾಶಿಯೆಂದರೆ ನಮ್ಮ ಪಂಚಾಂಗದ ಚಂದ್ರರಾಶಿಯಲ್ಲ. ಹುಟ್ಟಿದ ದಿನಾಂಕದಿಂದಲೇ ನಿರ್ಣಯವಾಗುವ ಪಾಶ್ಚಾತ್ಯರ ಸೂರ್ಯರಾಶಿ. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ಪ್ರಯೋಜನವಾಗಲಿಲ್ಲ, ಕಿಂಚಿತ್ ಅಹಿತವೇ ಆದಂತೆ ಕಂಡಿತು. ಉಳಿದ ಹತ್ತು ರಾಶಿಗಳವರಿಗೆ ಮಹೋಪಕಾರವಾಯಿತು ಎಂದು ಆ ಗಣನೆ ಹೇಳುತ್ತದೆ. ಗಂಭೀರ ವಿಜ್ಞಾನಿಗಳು ಇಂಥದೊಂದು ಸಾಲನ್ನು ಬುದ್ಧಿಪೂರ್ವಕವಾಗಿ ಬರೆದುದು ಏಕೆ ಎಂಬುದನ್ನು ತಿಳಿದರೆ, ಔಷಧಗಳ ವಿಷಯವಾಗಿ ದಿನಂಪ್ರತಿ ನಮ್ಮ ಕಿವಿಗೆ ಬೀಳುವ ಎಷ್ಟೋ ಮಾತುಗಳ ತೂಕವನ್ನು ಅಳೆಯಲು ಸಾಧ್ಯವಾದೀತು.

ಆಕ್ಸ್‌ಫರ್ಡಿನ ಪೀಟರ್ ಸ್ಲೈಟ್, ರಿಚರ್ಡ್ ಪೀಟೊ, ರೋರಿ ಕಾಲಿನ್ಸ್ ಮೊದಲಾದವರು ನಡೆಯಿಸಿದ ಆ ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳು ಸೇರಿದ್ದರು. ಯಾರಿಗೆ ಆಸ್ಪಿರಿನ್, ಯಾರಿಗೆ ಅದನ್ನೇ ಹೋಲುವ ಹುಸಿ ಗುಳಿಗೆ ಎಂಬುದು ಕೇವಲ ಯಾದೃಚ್ಛಿಕವಾಗಿ ನಿರ್ಧಾರವಾಗುತ್ತಿತ್ತು. ದಿನಕ್ಕೆ 160 ಮಿಲಿಗ್ರಾಂನಂತೆ ಒಂದು ತಿಂಗಳು ಆಸ್ಪಿರಿನ್ ಪಡೆದವರಲ್ಲಿ, ಐದು ವಾರಗಳ ಅವಧಿಯಲ್ಲಿ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಮೃತರಾದವರು ಶೇಕಡ 9.4, ಹುಸಿ ಗುಳಿಗೆಯವರಲ್ಲಿ ಶೇಕಡ 11.8. ಅಷ್ಟು ದೊಡ್ಡ ಸಮುದಾಯದಲ್ಲಿ ಇಂಥ ಅಂತರವು ಕಾಕತಾಳೀಯವಾಗಿ ಒದಗುವುದು ಅಸಂಭವವೇ ಸರಿ.

ಆದರೆ ಪತ್ರಿಕೆಯ ಕಡೆಯವರಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ವೃದ್ಧರಲ್ಲಿ ಏನಾಯಿತು, ಸ್ತ್ರೀಯರಲ್ಲಿ ಏನಾಯಿತು, ಮಧುಮೇಹಿಗಳಲ್ಲಿ ಏನಾಯಿತು ಎಂದು ಹತ್ತಾರು ಉಪಗುಂಪುಗಳ ಫಲಿತಾಂಶಗಳನ್ನು ಅವರು ಅಪೇಕ್ಷಿಸಿದರು. ಸಮುದಾಯವನ್ನು ಹೀಗೆ ಸೀಳುತ್ತ ಹೋದಂತೆಲ್ಲ ಪ್ರತಿಯೊಂದು ತುಂಡಿನ ಸಂಖ್ಯೆ ಸಣ್ಣದಾಗಿ, ಎಲ್ಲಿಯೋ ಒಂದು ಕಡೆ ಔಷಧವು ನಿಷ್ಫಲವೆಂಬ ಭ್ರಾಂತಿ ಹುಟ್ಟಿಯೇ ತೀರುವುದೆಂಬುದು ಪ್ರಯೋಗಕಾರರಿಗೆ ಚೆನ್ನಾಗಿ ತಿಳಿದಿತ್ತು. ಆದುದರಿಂದ ಅವರು ಒಪ್ಪಿದರಾದರೂ, ತಾವೇ ಆರಿಸಿದ ಒಂದು ಉಪಗುಂಪನ್ನೂ ಪ್ರಕಟಿಸಬೇಕೆಂಬ ನಿಬಂಧನೆಯನ್ನು ಮುಂದಿಟ್ಟರು. ರಾಶಿಗಳ ಗಣನೆ ಅಚ್ಚಾದುದು ಹೀಗೆ.

ಈಗ ಆ ಅಂಕಿಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಿಥುನ–ತುಲಾ ರಾಶಿಯವರಲ್ಲಿ ಆಸ್ಪಿರಿನ್ ಪಡೆದ 1,357 ಜನರ ಪೈಕಿ 150 ಮಂದಿ ತೀರಿಕೊಂಡರು. ಹುಸಿ ಗುಳಿಗೆ ಪಡೆದ 1,442 ಜನರಲ್ಲಿ 147 ಮಂದಿ. ಉಳಿದ ರಾಶಿಗಳಲ್ಲಿ ಆಸ್ಪಿರಿನ್ ಪಡೆದ 7,228 ಜನರಲ್ಲಿ 654 ಮಂದಿ, ಹುಸಿ ಗುಳಿಗೆಯ 7,157 ಜನರಲ್ಲಿ 868 ಮಂದಿ. ಅವಸರದ ಓದುಗನು ಒಂದು ಗುಂಪಿನ ಫಲವು ಸಂಖ್ಯಾಶಾಸ್ತ್ರದ ಒರೆಗೆ ನಿಂತಿತು, ಇನ್ನೊಂದರದು ನಿಲ್ಲಲಿಲ್ಲ, ಆದುದರಿಂದ ಎರಡೂ ಭಿನ್ನವೆಂದು ತೀರ್ಮಾನಿಸಿಬಿಡುತ್ತಾನೆ. ಈ ತರ್ಕವು ಮೂಲದಲ್ಲಿಯೇ ದೋಷಯುಕ್ತವಾದುದು. ಚಿಕ್ಕ ಗುಂಪಿನಲ್ಲಿ ಫಲವು ಸಿದ್ಧವಾಗದಿರುವುದಕ್ಕೆ ಗುಂಪು ಚಿಕ್ಕದಾಗಿರುವುದೇ ಸಾಕಾದ ಕಾರಣವಾಗಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಎರಡು ಗುಂಪುಗಳಲ್ಲಿ ಕಂಡ ಪರಿಣಾಮಗಳ ನಡುವಣ ವ್ಯತ್ಯಾಸವೇ ಆಕಸ್ಮಿಕವನ್ನು ಮೀರಿದ್ದೇ? ಇದನ್ನು ನೇರವಾಗಿ ಅಳೆಯುವ ವಿಧಾನಕ್ಕೆ ಅಂತರಕ್ರಿಯಾ ಪರೀಕ್ಷೆ ಎಂದು ಹೆಸರು.

ಆ ಪರೀಕ್ಷೆಯನ್ನು ಈ ಅಂಕಿಗಳ ಮೇಲೆ ನಡೆಯಿಸಿದರೆ ವಿಚಿತ್ರವಾದ ಸಂಗತಿಯೊಂದು ಎದುರಾಗುತ್ತದೆ. ಪ್ರತಿಯೊಂದು ಗುಂಪಿನಲ್ಲಿಯೂ ಸಾವಿನ ಸಂಭವಾನುಪಾತವನ್ನು ತೆಗೆದರೆ ಒಂದರಲ್ಲಿ 1.09, ಇನ್ನೊಂದರಲ್ಲಿ 0.72 ಬರುತ್ತದೆ, ಅವುಗಳ ಲಘುಗಣಕಗಳ ಅಂತರ ಸುಮಾರು 0.42, ಅದರ ಪ್ರಮಾಣದೋಷ 0.13. ಅಂತರವು ದೋಷದ ಮೂರು ಪಟ್ಟಿಗಿಂತ ಹೆಚ್ಚಾದುದರಿಂದ, ಕೇವಲ ಆಕಸ್ಮಿಕದಿಂದ ಇಷ್ಟು ಭೇದ ತೋರುವ ಸಂಭವ ಸಾವಿರಕ್ಕೆ ಎರಡರಷ್ಟು ಮಾತ್ರ. ಅಂದರೆ ರಾಶಿಭೇದವು ಅಂತರಕ್ರಿಯಾ ಪರೀಕ್ಷೆಯಲ್ಲಿಯೂ ಉತ್ತೀರ್ಣವಾಗುತ್ತದೆ! ಈ ಪರೀಕ್ಷೆ ಮಾಡಿದೊಡನೆ ಉಪಗುಂಪಿನ ಮಾತು ಪ್ರಮಾಣವಾಯಿತೆಂದು ನಂಬುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಮಿಥುನ ಮತ್ತು ತುಲಾ ಎಂಬ ಜೋಡಿಯನ್ನು ಆರಿಸಿದುದು ಫಲಿತಾಂಶವನ್ನು ನೋಡಿದ ಅನಂತರ. ಹನ್ನೆರಡು ರಾಶಿಗಳಿಂದ ಎರಡೆರಡನ್ನು ಆರಿಸುವುದಕ್ಕೆ 66 ದಾರಿಗಳಿವೆ. ಆ 66ರಲ್ಲಿ ಅತ್ಯಂತ ವಿಲಕ್ಷಣವಾಗಿ ತೋರಿದ್ದನ್ನು ಹೆಕ್ಕಿ ತೆಗೆದು, ಅದೊಂದನ್ನೇ ಪರೀಕ್ಷಿಸಿದಂತೆ ಲೆಕ್ಕ ಒಪ್ಪಿಸುವುದು ನ್ಯಾಯವಲ್ಲ. ಸಾವಿರಕ್ಕೆ ಎರಡೆಂಬ ಸಂಭವವನ್ನು 66ರಿಂದ ಗುಣಿಸಿದರೆ ನೂರಕ್ಕೆ ಹದಿಮೂರರ ಆಸುಪಾಸಿಗೆ ಬರುತ್ತದೆ, ವಿಸ್ಮಯವೂ ಅಲ್ಲಿಗೆ ಅಳಿಯುತ್ತದೆ. ಒಂಟಿ ರಾಶಿಗಳನ್ನೂ ಮೂರು ಮೂರರ ಕೂಟಗಳನ್ನೂ ಹುಡುಕಿದ್ದರೆ ಇನ್ನೂ ದೊಡ್ಡ ಸಂಖ್ಯೆಯಿಂದ ಗುಣಿಸಬೇಕಾದೀತು. ಪೂರ್ವನಿಶ್ಚಯವೆಂಬುದಕ್ಕೆ ಇರುವ ಬೆಲೆ ಇಷ್ಟೇ, ಆದರೆ ಇದು ಅಲ್ಪವಲ್ಲ: ಯಾವ ಉಪಗುಂಪು, ಯಾವ ದಿಕ್ಕಿನ ಭೇದ, ಯಾವ ಕಾರಣದಿಂದ ಎಂಬುದನ್ನು ಅಂಕಿಗಳು ಕೈಗೆ ಬರುವುದಕ್ಕೆ ಮೊದಲೇ ಬರೆದಿಟ್ಟಿದ್ದರೆ, ಎಷ್ಟು ಬಾರಿ ಹುಡುಕಲಾಯಿತೆಂಬುದನ್ನು ಓದುಗನು ಎಣಿಸಬಲ್ಲನು. ಬರೆದಿಡದಿದ್ದರೆ ಆ ಎಣಿಕೆ ಯಾರಿಗೂ ದಕ್ಕದು. ಎಷ್ಟೋ ವೇಳೆ ಹುಡುಕಿದವನಿಗೂ ದಕ್ಕದು.

ಇದು ಜ್ಯೋತಿಷದ ಉದಾಹರಣೆಯಾದುದರಿಂದ ಯಾವ ವೈದ್ಯನೂ ಮೋಸಹೋಗಲಿಲ್ಲ. ನಂಬಲರ್ಹವಾಗಿ ತೋರುವ ಉಪಗುಂಪು ಬಂದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕೂ ಹತ್ತು ವರ್ಷ ಹಿಂದಿನ ಸಾಕ್ಷ್ಯವಿದೆ. ಪಾರ್ಶ್ವವಾಯುವಿನ ಮುನ್ಸೂಚನೆ ಕಂಡಿದ್ದ 585 ರೋಗಿಗಳ ಮೇಲೆ ಕೆನಡಾದಲ್ಲಿ ನಡೆದು 1978ರಲ್ಲಿ ಪ್ರಕಟವಾದ ಪ್ರಯೋಗವು, ಆಸ್ಪಿರಿನ್ ಪುರುಷರಿಗೆ ಹಿತ, ಸ್ತ್ರೀಯರಿಗೆ ನಿರುಪಯುಕ್ತ ಎಂಬ ಭಾವನೆಯನ್ನು ಬಿತ್ತಿತು. ಆ ಪ್ರಯೋಗದಲ್ಲಿ ಪುರುಷರೇ ಬಹುಸಂಖ್ಯಾತರು. ಸ್ತ್ರೀಯರ ವಿಷಯದಲ್ಲಿ ಏನನ್ನೂ ನಿಶ್ಚಯವಾಗಿ ಹೇಳುವಷ್ಟು ಸಂಖ್ಯಾಬಲ ಇರಲಿಲ್ಲ. ಆದರೂ 1980ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪಾರ್ಶ್ವವಾಯುವನ್ನು ತಡೆಯುವ ಉದ್ದೇಶಕ್ಕೆ ಪುರುಷರಿಗೆ ಮಾತ್ರ ಆಸ್ಪಿರಿನ್ನಿಗೆ ಸಮ್ಮತಿಯಿತ್ತಿತು. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಮೇಲೆ ಉಭಯರಿಗೂ ಲಾಭವಿದೆಯೆಂಬುದು ಸ್ಪಷ್ಟವಾಗಿ, ಸ್ತ್ರೀಯರಿಗೂ ಸಮ್ಮತಿ ದೊರೆತುದು 1998ರಲ್ಲಿ. ಆ ಮಧ್ಯಾವಧಿಯಲ್ಲಿ ಆಸ್ಪಿರಿನ್ ದೊರೆಯದ ಸ್ತ್ರೀಯರನ್ನು ನೆನೆದರೆ, ಒಂದು ಅವಸರದ ವಾಕ್ಯವು ಏನು ಮಾಡಬಲ್ಲುದೆಂಬುದು ಮನಸ್ಸಿಗೆ ಬರುತ್ತದೆ.

ಉಪಗುಂಪುಗಳನ್ನು ನೋಡುವುದೇ ತಪ್ಪೆಂದು ಇದರಿಂದ ಹೇಳಲಾಗದು. ಕೆಲವು ಭೇದಗಳು ನಿಜವಾಗಿಯೂ ಇವೆ. ತೊಡಕೆಂದರೆ, ಪ್ರಧಾನ ಪರಿಣಾಮದಷ್ಟೇ ದೊಡ್ಡದಾದ ಅಂತರಕ್ರಿಯೆಯನ್ನು ಅಷ್ಟೇ ಖಚಿತವಾಗಿ ಕಾಣಬೇಕಾದರೆ ಸ್ಥೂಲವಾಗಿ ನಾಲ್ಕು ಪಟ್ಟು ರೋಗಿಗಳು ಬೇಕು. ಹೀಗಾಗಿ ಪರೀಕ್ಷೆಯು ಭೇದವಿದ್ದರೂ ಕಾಣದೆ ಹೋಗುವುದು ಸಾಮಾನ್ಯ, ಅದು ಕಾಣದಿದ್ದುದು ಭೇದವಿಲ್ಲವೆಂಬುದಕ್ಕೆ ಪುರಾವೆಯಲ್ಲ. 1991ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಈ ಎಚ್ಚರಗಳನ್ನು ವಿಸ್ತಾರವಾಗಿ ಬರೆದವರ ಪೈಕಿ ಒಬ್ಬರು ಸಲೀಂ ಯೂಸುಫ್. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಸ್ಲೈಟ್, ಪೀಟೊ ಅವರೊಡನೆ ದುಡಿದವರು ಎಂಬುದು ನಮಗೆ ಅಭಿಮಾನದ ಸಂಗತಿ. 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ತನ್ನ ಲೇಖಕರಿಗೆ ಈ ಬಗೆಯ ವರದಿಗೆಂದೇ ನಿಯಮಗಳನ್ನು ಪ್ರಕಟಿಸಿತು.

ಆದುದರಿಂದ ಪ್ರಯೋಗದ ವರದಿ ಬರೆಯುವ ನಮ್ಮ ವೈದ್ಯಮಿತ್ರರಲ್ಲಿ ಒಂದು ಪ್ರಾರ್ಥನೆ. ಮೊದಲೇ ನಿಶ್ಚಯಿಸದೆ ಕಂಡುಕೊಂಡ ಭೇದವನ್ನು ಮುಚ್ಚಿಡಬೇಡಿ, ಸಾರಾಂಶದ ತಲೆಯ ಮೇಲೂ ಕೂರಿಸಬೇಡಿ. ‘ಒಟ್ಟು ಇಷ್ಟು ಉಪಗುಂಪುಗಳನ್ನು ನೋಡಿದೆವು, ಈ ವಿಭಾಗವನ್ನು ಅಂಕಿಗಳನ್ನು ಕಂಡ ಮೇಲೆ ಮಾಡಿದೆವು, ಎರಡು ಗುಂಪುಗಳ ಪರಿಣಾಮಗಳು ಇಷ್ಟಿಷ್ಟು, ಅವುಗಳ ಅಂತರದ ಅನಿಶ್ಚಿತತೆಯ ವ್ಯಾಪ್ತಿ ಇಷ್ಟು, ಬೇರೊಂದು ಪ್ರಯೋಗವು ಇದನ್ನು ಪರೀಕ್ಷಿಸುವ ತನಕ ಚಿಕಿತ್ಸೆಯನ್ನು ಬದಲಿಸಲು ಇದು ಆಧಾರವಾಗಲಾರದು’ ಎಂದು ಬರೆಯಿರಿ, ಮತ್ತು ಅದನ್ನು ಅಡಿಟಿಪ್ಪಣಿಯಲ್ಲಲ್ಲ, ಆ ಫಲಿತಾಂಶವನ್ನು ಹೇಳುವ ಕಂಡಿಕೆಯಲ್ಲಿಯೇ ಬರೆಯಿರಿ.