ತಿಂಗಳ ಕೊನೆಯ ಎನ್‌ಎವಿ

ಮ್ಯೂಚುವಲ್ ಫಂಡಿನ ಒಂದು ಯೂನಿಟ್ಟಿನ ಬೆಲೆಯೇ ಎನ್‌ಎವಿ, ಅಂದರೆ ನಿವ್ವಳ ಆಸ್ತಿ ಮೌಲ್ಯ. ಷೇರಿನ ಬೆಲೆಯಂತೆ ಇದು ಕ್ಷಣಕ್ಷಣಕ್ಕೂ ಏರಿಳಿಯುವುದಿಲ್ಲ. ಮಧ್ಯಾಹ್ನ 3.30ಕ್ಕೆ ಷೇರುಪೇಟೆ ಮುಚ್ಚಿದ ಮೇಲೆ, ಫಂಡಿನಲ್ಲಿರುವ ಷೇರುಗಳಿಗೆ ಆ ದಿನದ ಮುಕ್ತಾಯದ ಬೆಲೆ ಕಟ್ಟಿ, ನಿರ್ವಹಣಾ ವೆಚ್ಚದ ಆ ದಿನದ ಪಾಲನ್ನು ಕಳೆದು, ಉಳಿದದ್ದನ್ನು ಒಟ್ಟು ಯೂನಿಟ್ಟುಗಳಿಂದ ಭಾಗಿಸುತ್ತಾರೆ. ಹಾಗಾಗಿ ಸಂಜೆ ಆರಕ್ಕೆ ನೋಡಿದವರಿಗೆ ಕಾಣುವುದು ಹೆಚ್ಚಾಗಿ ಹಿಂದಿನ ದಿನದ ಅಂಕಿಯೇ. ಬಹುತೇಕ ಫಂಡುಗಳ ಹೊಸ ಅಂಕಿ ಫಂಡುಗಳ ಒಕ್ಕೂಟವಾದ ಆಂಫಿಯ ತಾಣದಲ್ಲಿ ರಾತ್ರಿ 11ರೊಳಗೆ ಸಿಗುತ್ತದೆ. ಬೇರೆ ಫಂಡುಗಳಲ್ಲಿ ಹಣ ತೊಡಗಿಸುವ ಫಂಡುಗಳದ್ದು ಮರುದಿನಕ್ಕೆ ಹೋಗುತ್ತದೆ. ಅಂಕಿಯ ಪಕ್ಕದ ದಿನಾಂಕ ನೋಡದೆ ಬರೆದುಕೊಳ್ಳಬಾರದು.

ಲೆಕ್ಕ ಇಡಲು ತಿಂಗಳಿಗೊಂದು ಸಾಲು ಸಾಕು: ದಿನಾಂಕ, ಯೋಜನೆಯ ಪೂರ್ತಿ ಹೆಸರು, ಎನ್‌ಎವಿ, ಶೇಕಡಾ ಬದಲಾವಣೆ. ತಿಂಗಳ ಕೊನೆಯ ವಹಿವಾಟಿನ ದಿನದ ಅಂಕಿಯನ್ನೇ ಪ್ರತಿ ಸಲ ತೆಗೆದುಕೊಳ್ಳಬೇಕು. 2025ರ ಆಗಸ್ಟ್ 31 ಭಾನುವಾರ. ಷೇರು ಫಂಡಿಗೆ 29ರ ಶುಕ್ರವಾರದ ಅಂಕಿಯೇ ಆ ತಿಂಗಳ ಅಂಕಿ. ಪೂರ್ತಿ ಹೆಸರು ಬೇಕಾದದ್ದು ಏಕೆಂದರೆ, ಒಂದೇ ಫಂಡಿನ ಡೈರೆಕ್ಟ್ ಮತ್ತು ರೆಗ್ಯುಲರ್ ಪ್ಲ್ಯಾನುಗಳಿಗೆ ಎನ್‌ಎವಿ ಬೇರೆ ಬೇರೆ. ಒಂದು ತಿಂಗಳು ಇದು, ಮರುತಿಂಗಳು ಅದು ಬರೆದರೆ ಇಲ್ಲದ ಏರಿಕೆ ಹಾಳೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹಣ ಹಂಚುವ ಐಡಿಸಿಡಬ್ಲ್ಯು ಆಯ್ಕೆಯಲ್ಲಿ, ಹಂಚಿದ ಮೊತ್ತದಷ್ಟು ಎನ್‌ಎವಿ ಇಳಿಯುತ್ತದೆ, ಅದು ನಷ್ಟವಲ್ಲ. ಗ್ರೋತ್ ಆಯ್ಕೆಯಲ್ಲಿ ಈ ತೊಡಕಿಲ್ಲ.

ಎನ್‌ಎವಿ ಮೂರನೆಯ ಕಾಲಮ್ಮಿನಲ್ಲಿದ್ದು, ಮೊದಲ ಅಂಕಿ ಎರಡನೆಯ ಸಾಲಿನಲ್ಲಿದ್ದರೆ, ಮೂರನೆಯ ಸಾಲಿನ ಬದಲಾವಣೆಗೆ ಸೂತ್ರ ಇದು:

```
=(C3/C2-1)*100
```

ಒಂದು ಕಲ್ಪಿತ ಫಂಡಿನ ಎನ್‌ಎವಿ 50 ರೂಪಾಯಿಂದ 52ಕ್ಕೆ ಏರಿ, ಮರುತಿಂಗಳು 49.40ಕ್ಕೆ ಇಳಿಯಿತು ಎನ್ನೋಣ. ಮೊದಲು ಶೇ 4 ಏರಿಕೆ, ಆಮೇಲೆ ಶೇ 5 ಇಳಿಕೆ. ಕೂಡಿಸಿದರೆ ಶೇ 1 ನಷ್ಟ ಎನಿಸುತ್ತದೆ. ನಿಜಕ್ಕೂ 50ರಿಂದ 49.40ಕ್ಕೆ ಆದ ಇಳಿಕೆ ಶೇ 1.2. ತಿಂಗಳ ಶೇಕಡಾವಾರುಗಳನ್ನು ಕೂಡಿಸುವಂತಿಲ್ಲ. ಕೊನೆಯ ಎನ್‌ಎವಿಯನ್ನು ಮೊದಲಿನದರಿಂದಲೇ ಭಾಗಿಸಬೇಕು.

ದೊಡ್ಡ ಮೋಸ ಆಗುವುದು ಎಸ್‌ಐಪಿ ಕಟ್ಟುವವರಿಗೆ. ಇದೇ ಫಂಡಿನಲ್ಲಿ 1,000 ಯೂನಿಟ್ಟು ಇದ್ದವರ ಹಣ 52ರ ಎನ್‌ಎವಿಯಲ್ಲಿ 52,000 ರೂಪಾಯಿ. ಮರುತಿಂಗಳು 5,000 ರೂಪಾಯಿ ಕಟ್ಟಿದ ದಿನ ಎನ್‌ಎವಿ 50 ಇದ್ದರೆ, ಅತ್ಯಲ್ಪ ಮುದ್ರಾಂಕ ಶುಲ್ಕ ಬಿಟ್ಟು, 100 ಯೂನಿಟ್ಟು ಸೇರುತ್ತವೆ. ತಿಂಗಳ ಕೊನೆಗೆ 1,100 ಯೂನಿಟ್ಟಿಗೆ 49.40ರಂತೆ 54,340 ರೂಪಾಯಿ. ಮೊತ್ತ ಬೆಳೆದಂತೆ ಕಾಣುತ್ತದೆ. ಬೆಳೆಸಿದ್ದು ಹೊಸದಾಗಿ ಕಟ್ಟಿದ ಹಣ, ಫಂಡು ಶೇ 5 ಇಳಿದಿದೆ. ಆದ್ದರಿಂದ ಒಟ್ಟು ಮೊತ್ತದ ಕಾಲಮ್ಮು ಇದ್ದರೂ ಬದಲಾವಣೆಯನ್ನು ಎನ್‌ಎವಿಯಿಂದಲೇ ಲೆಕ್ಕ ಹಾಕಬೇಕು.

ಎನ್‌ಎವಿಯ ಗಾತ್ರಕ್ಕೆ ಮಾತ್ರ ಬೆಲೆ ಕೊಡಬೇಕಿಲ್ಲ. 20 ರೂಪಾಯಿಯ ಫಂಡು 200 ರೂಪಾಯಿಯ ಫಂಡಿಗಿಂತ ಅಗ್ಗವಲ್ಲ. ಶೇ 5 ಏರಿದರೆ ಎರಡರಲ್ಲೂ 10,000 ರೂಪಾಯಿಗೆ ಸಿಗುವುದು 500 ರೂಪಾಯಿಯೇ.